ಉತ್ತರ ಬಾರದಿದ್ದಾಗ ಬರೆಯುವ ಎರಡನೇ ಪತ್ರ



ಬೇಸಿಗೆಯ ರಜೆಯಲ್ಲಿ ಎರಡು ತಿಂಗಳು ಒಂದು ಸಂಶೋಧನಾಲಯದಲ್ಲಿ ಕೆಲಸ ಕಲಿಯಬೇಕೆಂಬ ಆಸೆಯಿಂದ ನೀವು ಒಬ್ಬ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಎರಡು ವಾರ ಕಳೆದರೂ ಉತ್ತರವಿಲ್ಲ. ಇಂಥ ಸಂದರ್ಭದಲ್ಲಿ ಕೆಲವರು ಮೌನವನ್ನೇ ನಿರಾಕರಣೆ ಎಂದು ತಿಳಿದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಅದೇ ಪತ್ರವನ್ನು ಮತ್ತೊಮ್ಮೆ ಕಳುಹಿಸಿ ಕಾಯುತ್ತಾರೆ. ಮೊದಲನೆಯವರು ಸಿಗಬಹುದಾಗಿದ್ದ ಅವಕಾಶವನ್ನು ತಾವೇ ಬಿಟ್ಟುಕೊಟ್ಟಂತೆ. ಎರಡನೆಯವರು ಒಮ್ಮೆ ಉತ್ತರ ತಾರದ ಪತ್ರವೇ ಇನ್ನೊಮ್ಮೆ ತಂದೀತೆಂದು ನಂಬಿದಂತೆ. ಹಾಗಾದರೆ ಎರಡನೇ ಪತ್ರ ಹೇಗಿರಬೇಕು? ಇದನ್ನು ತಿಳಿಯಲು ಮೊದಲ ಪತ್ರಕ್ಕೆ ಉತ್ತರ ಏಕೆ ಬರಲಿಲ್ಲ ಎಂಬುದನ್ನು ನೋಡಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಧಾರವಾಡದಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರದ ಮೊದಲ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿನಿ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅತ್ತಿಮರ ಮತ್ತು ಅದರ ಕಾಯಿಯೊಳಗೆ ಬೆಳೆಯುವ ಪುಟ್ಟ ಕಣಜಗಳ ಬಗ್ಗೆ ಸಂಶೋಧನೆ ನಡೆಸುವ ಪ್ರಾಧ್ಯಾಪಕಿಗೆ ಆಕೆ ಜನವರಿ 6ರಂದು ಬರೆದಳು. ವಿಷಯದ ಸಾಲಿನಲ್ಲಿದ್ದುದು ‘ಇಂಟರ್ನ್‌ಶಿಪ್‌ಗಾಗಿ ಮನವಿ’ ಎಂದಷ್ಟೇ. ಪತ್ರ ಒಂದೂವರೆ ಪುಟದಷ್ಟು ಉದ್ದವಿತ್ತು. ಬಾಲ್ಯದಿಂದಲೂ ಪ್ರಕೃತಿಯ ಮೇಲಿರುವ ಪ್ರೀತಿ, ಎಸ್ಸೆಸ್ಸೆಲ್ಸಿಯಿಂದ ಇಂದಿನವರೆಗಿನ ಅಂಕಗಳು, ಪಡೆದ ಬಹುಮಾನಗಳು ಎಲ್ಲವೂ ಅದರಲ್ಲಿದ್ದವು. ಜೊತೆಗೆ ನಾಲ್ಕು ಕಡತಗಳು. ಕೊನೆಯಲ್ಲಿ ‘ಯಾವುದೇ ಅವಕಾಶವಿದ್ದರೂ ದಯವಿಟ್ಟು ತಿಳಿಸಿ’ ಎಂಬ ಸಾಲು.

ಈಗ ಪತ್ರವನ್ನು ಪ್ರಾಧ್ಯಾಪಕಿಯ ಮೇಜಿನ ಕಡೆಯಿಂದ ನೋಡಿ. ಪತ್ರದಲ್ಲಿ ತಪ್ಪು ಮಾತೇನೂ ಇಲ್ಲ. ಆದರೆ ಉತ್ತರಿಸಬೇಕಾದರೆ ಅವರು ಅನೇಕ ವಿಷಯಗಳನ್ನು ತಾವೇ ಯೋಚಿಸಬೇಕು. ಈ ಹುಡುಗಿ ಯಾವಾಗ ಬರುತ್ತಾಳೆ? ಎಷ್ಟು ವಾರ ಇರುತ್ತಾಳೆ? ಯಾವ ಕೆಲಸ ಕೊಡುವುದು? ದಿನನಿತ್ಯ ಕಲಿಸುವವರು ಯಾರು? ವಸತಿ ನಾವೇ ಒದಗಿಸಬೇಕೇ? ಇವನ್ನೆಲ್ಲ ನಾಳೆ ಬಿಡುವಿನಲ್ಲಿ ನೋಡೋಣ ಎಂದು ಅವರು ಪತ್ರವನ್ನು ಪಕ್ಕಕ್ಕಿಡುತ್ತಾರೆ. ಜನವರಿಯಲ್ಲಿ ಹೊಸ ಸೆಮಿಸ್ಟರಿನ ಪಾಠಗಳು ಆರಂಭವಾಗಿರುತ್ತವೆ, ನಡುವೆ ಸಂಕ್ರಾಂತಿ ಬರುತ್ತದೆ. ಅಷ್ಟರಲ್ಲಿ ಅದರ ಮೇಲೆ ಇನ್ನೂರು ಪತ್ರಗಳು ಬಂದು ಕುಳಿತರೆ ಅದು ಕಣ್ಣಿಗೇ ಬೀಳದು. ಹೀಗೆ ಬಹಳ ಸಲ ಮೌನಕ್ಕೆ ಕಾರಣ ವಿದ್ಯಾರ್ಥಿಯ ಯೋಗ್ಯತೆಯಲ್ಲ, ಉತ್ತರಿಸಲು ಬೇಕಾದ ಶ್ರಮ. ಆದ್ದರಿಂದ ಎರಡನೇ ಪತ್ರದ ಕೆಲಸ ನೆನಪಿಸುವುದಷ್ಟೇ ಅಲ್ಲ. ಪ್ರಾಧ್ಯಾಪಕರು ಒಂದೇ ನಿಮಿಷದಲ್ಲಿ, ಒಂದೇ ಸಾಲಿನಲ್ಲಿ ಉತ್ತರಿಸಲು ಸಾಧ್ಯವಾಗುವಂತೆ ಮಾಡುವುದು ಅದರ ಕೆಲಸ.

ಬರೆಯಲು ಕೂರುವ ಮುನ್ನ ಎರಡು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಿ. ಮೊದಲನೆಯದು, ಪತ್ರ ತಲುಪಿದೆಯೇ ಎಂಬುದು. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ Address not found ಎಂಬಂಥ ಸಂದೇಶ ನಿಮಗೆ ಮರಳಿ ಬರುತ್ತದೆ. ಅದನ್ನು ನೀವು ಗಮನಿಸದೆ ಬಿಟ್ಟಿರಬಹುದು. ಒಮ್ಮೆ ಹುಡುಕಿ ನೋಡಿ, Spam ವಿಭಾಗವನ್ನೂ ನೋಡಿ. ಎರಡನೆಯದು, ಪ್ರಾಧ್ಯಾಪಕರ ಸಂಶೋಧನಾಲಯದ ಪುಟವನ್ನು ಪೂರ್ತಿಯಾಗಿ ಓದಿ. ವಿದ್ಯಾರ್ಥಿಗಳು ಯಾವ ತಿಂಗಳಲ್ಲಿ ಬರೆಯಬೇಕು, ವಿಷಯದ ಸಾಲಿನಲ್ಲಿ ಏನಿರಬೇಕು ಎಂಬುದನ್ನು ಕೆಲವರು ಅಲ್ಲಿಯೇ ಹೇಳಿರುತ್ತಾರೆ. ಇನ್ನು ಕೆಲವರು ಯಾವುದಾದರೂ ಯೋಜನೆಯ ಮೂಲಕ ಬಂದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ ಇಂಥವು. ಇವುಗಳ ಅರ್ಜಿಯ ಅವಧಿ ಬೇಸಿಗೆಗೆ ಬಹಳ ಮುಂಚೆಯೇ ಮುಗಿಯುತ್ತದೆ. ಉತ್ತರ ಆ ಪುಟದಲ್ಲೇ ಇದ್ದರೆ ಎರಡನೇ ಪತ್ರದ ಅಗತ್ಯವೇ ಬೀಳದು.

ಇವೆರಡೂ ಸರಿಯಾಗಿದ್ದರೆ, ಸುಮಾರು ಹತ್ತು ಕೆಲಸದ ದಿನಗಳು, ಅಂದರೆ ಎರಡು ವಾರ ಕಾದು ಬರೆಯಿರಿ. ನಾಲ್ಕೇ ದಿನಕ್ಕೆ ಬರೆದರೆ ಒತ್ತಾಯ ಎನಿಸುತ್ತದೆ. ಎರಡು ತಿಂಗಳು ಬಿಟ್ಟರೆ ಬೇಸಿಗೆಯ ಜಾಗಗಳು ತುಂಬಿಹೋಗಿರುತ್ತವೆ.

ಹೊಸ ಪತ್ರವನ್ನು ಬೇರೆಯಾಗಿ ಆರಂಭಿಸಬೇಡಿ. Sent ವಿಭಾಗದಲ್ಲಿರುವ ನಿಮ್ಮ ಹಳೆಯ ಪತ್ರವನ್ನು ತೆರೆದು, ಅದಕ್ಕೇ Reply ಒತ್ತಿ ಬರೆಯಿರಿ. ಆಗ ಹಳೆಯ ಪತ್ರ ಕೆಳಗೇ ಇರುತ್ತದೆ, ಪ್ರಾಧ್ಯಾಪಕರು ಹುಡುಕಬೇಕಾಗಿಲ್ಲ. ವಿಷಯದ ಸಾಲನ್ನು ಬದಲಾಯಿಸಿದರೆ ಜಿಮೇಲ್‌ನಲ್ಲಿ ಅದು ಬೇರೆಯೇ ಪತ್ರವಾಗಿ ನಿಲ್ಲುತ್ತದೆ. ಆದ್ದರಿಂದ ಆ ಸಾಲನ್ನು ಮುಟ್ಟಬೇಡಿ. ಆದರೆ ಎರಡು ಎಚ್ಚರಗಳು. To ಎಂಬಲ್ಲಿ ಪ್ರಾಧ್ಯಾಪಕರ ವಿಳಾಸವೇ ಇದೆಯೇ ನೋಡಿಕೊಳ್ಳಿ. ಕೆಲವು ತಂತ್ರಾಂಶಗಳಲ್ಲಿ ನಿಮ್ಮದೇ ವಿಳಾಸ ಬಂದುಬಿಡುತ್ತದೆ. ಹಾಗೆಯೇ, Reply ಒತ್ತಿದಾಗ ಹಿಂದೆ ಲಗತ್ತಿಸಿದ ಕಡತಗಳು ಜೊತೆಗೆ ಹೋಗುವುದಿಲ್ಲ. ಒಂದು ಪುಟದ ಪರಿಚಯಪತ್ರವನ್ನು ಮಾತ್ರ ಮತ್ತೆ ಲಗತ್ತಿಸಿ. ಅಂಕಪಟ್ಟಿಗಳನ್ನು ಕೇಳಿದಾಗ ಕಳುಹಿಸಿದರಾಯಿತು.

ಇನ್ನು ಪತ್ರದ ಒಡಲು. ನಮ್ಮ ವಿದ್ಯಾರ್ಥಿನಿ ಜನವರಿ 20ರಂದು ಬರೆಯುವ ಪತ್ರ ಹೀಗಿರಬಹುದು. ಪತ್ರ ಹೋಗುವುದು ಇಂಗ್ಲಿಷಿನಲ್ಲಿ. ಅದರ ತಿರುಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

‘ಮಾನ್ಯ ಪ್ರೊಫೆಸರ್ ಅವರಿಗೆ, ಮೇ ಮತ್ತು ಜೂನ್ ತಿಂಗಳಲ್ಲಿ ಎಂಟು ವಾರ ನಿಮ್ಮ ಸಂಶೋಧನಾಲಯದಲ್ಲಿ ಕೆಲಸ ಕಲಿಯಲು ಅವಕಾಶ ಕೋರಿ ಜನವರಿ 6ರಂದು ಬರೆದಿದ್ದೆ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ.

ಅತ್ತಿಯ ಕಣಜಗಳ ಕುರಿತ ನಿಮ್ಮ ಪ್ರಬಂಧವನ್ನು ಓದಿದ ಮೇಲೆ, ಕಾಲೇಜಿನ ಹಿಂದಿರುವ ಎರಡು ಅತ್ತಿಮರಗಳಿಂದ ಒಟ್ಟು 30 ಕಾಯಿಗಳನ್ನು ಕೊಯ್ದು ನೋಡಿದೆ. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹಂತದಲ್ಲಿದ್ದವು. ಪಕ್ಕದ ಮರದವು ಬೇರೆ ಹಂತದಲ್ಲಿದ್ದವು. ಕಣಜಗಳು ಹೊರಬರಲಿರುವ ಕಾಯಿಯನ್ನು ಕತ್ತರಿಸದೆ ಗುರುತಿಸುವುದು ಹೇಗೆಂದು ಮಾತ್ರ ನನಗೆ ತಿಳಿಯಲಿಲ್ಲ.

ಈ ಬೇಸಿಗೆಯಲ್ಲಿ ನಿಮ್ಮಲ್ಲಿ ಒಬ್ಬ ವಿದ್ಯಾರ್ಥಿಗೆ ಸ್ಥಳವಿದೆಯೇ? ನಾನು ಮೇ 5ರಿಂದ ಜೂನ್ 28ರವರೆಗೆ ಬರಬಲ್ಲೆ. ವಸತಿಯನ್ನು ನಾನೇ ನೋಡಿಕೊಳ್ಳುತ್ತೇನೆ, ಕಾಲೇಜಿನಿಂದ ಅನುಮತಿ ಪತ್ರ ತರುತ್ತೇನೆ. ಸ್ಥಳವಿಲ್ಲದಿದ್ದರೆ ಒಂದು ಪದದ ಉತ್ತರವೂ ಸಾಕು; ಬೇರೆಡೆ ಪ್ರಯತ್ನಿಸಲು ಅನುಕೂಲವಾಗುತ್ತದೆ. ವಂದನೆಗಳೊಂದಿಗೆ.’

ಇಲ್ಲಿನ ಪ್ರತಿಯೊಂದು ಭಾಗಕ್ಕೂ ಒಂದು ಕಾರಣವಿದೆ. ಮೊದಲ ಎರಡು ವಾಕ್ಯಗಳು ಹಳೆಯ ಪತ್ರವನ್ನು ಓದದೆಯೇ ಎಲ್ಲವೂ ತಿಳಿಯುವಂತೆ ಮಾಡುತ್ತವೆ. ‘ನನ್ನ ಹಿಂದಿನ ಪತ್ರವನ್ನು ನೋಡಿ’ ಎಂದು ಮಾತ್ರ ಬರೆದಿದ್ದರೆ ಅದು ಪ್ರಾಧ್ಯಾಪಕರಿಗೆ ಇನ್ನೊಂದು ಕೆಲಸವಾಗುತ್ತಿತ್ತು.

ನಡುವಿನ ಭಾಗ ಮೊದಲ ಪತ್ರದಲ್ಲಿ ಇರಲಿಲ್ಲ. ಎರಡನೇ ಪತ್ರಕ್ಕೆ ತೂಕ ಬರುವುದು ಇದರಿಂದಲೇ. ಒಂದು ಮರದ ಕಾಯಿಗಳು ಒಟ್ಟಿಗೆ ಮಾಗುತ್ತವೆ, ಬೇರೆ ಬೇರೆ ಮರಗಳು ಬೇರೆ ಬೇರೆ ಹೊತ್ತಿಗೆ ಮಾಗುತ್ತವೆ ಎಂಬುದು ತಜ್ಞರಿಗೆ ಗೊತ್ತಿರುವ ಸಂಗತಿಯೇ. ವಿದ್ಯಾರ್ಥಿನಿ ಅದನ್ನು ಹೊಸ ಶೋಧವೆಂದು ಹೇಳಿಕೊಂಡಿಲ್ಲ. ತಾನು ಏನು ಮಾಡಿದೆ, ಎಷ್ಟು ಕಾಯಿ ನೋಡಿದೆ, ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಹೇಳಿದ್ದಾಳೆ. ಆಕೆ ಸಿಕ್ಕಿಕೊಂಡ ಜಾಗ ಈ ಕೆಲಸ ಮಾಡುವವರೆಲ್ಲ ಎದುರಿಸಬೇಕಾದದ್ದು. ಕಾಯಿಯನ್ನು ಬೇಗ ಕತ್ತರಿಸಿದರೆ ಕಣಜಗಳು ಪೂರ್ತಿ ಬೆಳೆದಿರುವುದಿಲ್ಲ. ತಡವಾದರೆ ಅವು ಹಾರಿಹೋಗಿರುತ್ತವೆ, ಎಣಿಕೆ ತಪ್ಪುತ್ತದೆ. ಓದಿದ ಪ್ರೌಢಿಮೆಯನ್ನು ಹೊಗಳುವ ನೂರು ಮಾತಿಗಿಂತ ಇಂಥ ಒಂದು ಪ್ರಶ್ನೆ ಹೆಚ್ಚು ಹೇಳುತ್ತದೆ. ಆದರೆ ನಿಮ್ಮಲ್ಲಿ ಹೇಳಲು ಹೊಸದೇನೂ ಇಲ್ಲದಿದ್ದರೆ ಸೃಷ್ಟಿಸಬೇಡಿ. ಆ ಭಾಗವನ್ನು ಬಿಟ್ಟು ಉಳಿದಷ್ಟನ್ನೇ ಬರೆಯಿರಿ. ಓದದ ಪ್ರಬಂಧವನ್ನು ಓದಿದ್ದೇನೆಂದರೆ ಮೊದಲ ಮಾತುಕತೆಯಲ್ಲೇ ಬಣ್ಣ ಬಯಲಾಗುತ್ತದೆ.

ಕೋರಿಕೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರಕ್ಕೆ ಒಗ್ಗುವಂತಿದೆ. ದಿನಾಂಕ, ವಸತಿ, ಅನುಮತಿ ಪತ್ರ ಇವೆಲ್ಲ ಪ್ರಾಧ್ಯಾಪಕಿ ಯೋಚಿಸಬೇಕಾಗಿದ್ದ ಪ್ರಶ್ನೆಗಳು. ಅವಕ್ಕೆ ವಿದ್ಯಾರ್ಥಿನಿಯೇ ಉತ್ತರ ಕೊಟ್ಟಿದ್ದಾಳೆ. ಇಲ್ಲಿ ನಿಮ್ಮಿಂದ ಸಾಧ್ಯವಿರುವುದನ್ನು ಮಾತ್ರ ಬರೆಯಬೇಕು. ವಸತಿಯ ಖರ್ಚು ಭರಿಸಲಾಗದಿದ್ದರೆ ಅದನ್ನೇ ನೇರವಾಗಿ ಕೇಳಿ. ಮುಚ್ಚಿಟ್ಟು ಮೇ ತಿಂಗಳಲ್ಲಿ ಬರಲಾರೆ ಎನ್ನುವುದು ಇಬ್ಬರಿಗೂ ನಷ್ಟ. ಕೊನೆಯ ಸಾಲು ‘ಇಲ್ಲ’ ಎನ್ನುವುದನ್ನು ಸುಲಭ ಮಾಡುತ್ತದೆ. ಅನೇಕರು ಉತ್ತರಿಸದಿರುವುದು ಇಲ್ಲ ಎನ್ನುವ ಸಂಕೋಚದಿಂದಲೇ. ನಿಮಗಾದರೋ ಮೌನಕ್ಕಿಂತ ಬೇಗ ಬಂದ ‘ಇಲ್ಲ’ ಹೆಚ್ಚು ಉಪಯುಕ್ತ.

ಪತ್ರದಲ್ಲಿ ಇಲ್ಲದ್ದನ್ನೂ ಗಮನಿಸಿ. ‘ನಿಮ್ಮಿಂದ ಇನ್ನೂ ಉತ್ತರ ಬಂದಿಲ್ಲ’ ಎಂಬ ದೂರು ಅದರಲ್ಲಿಲ್ಲ. ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಜಂಟಲ್ ರಿಮೈಂಡರ್’ ಎಂಬ ಮಾತೂ ಇಲ್ಲ. ಹೆಸರು ಮೃದುವಾದರೂ ಅದು ಬಾಕಿ ವಸೂಲಿಯ ಧಾಟಿಯೇ. ‘ಡಿಯರ್ ಸರ್ ಆರ್ ಮೇಡಂ’ ಎಂಬ ಸಂಬೋಧನೆಯೂ ಬೇಡ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಪ್ರಾಧ್ಯಾಪಕರ ಹೆಸರನ್ನು ಸರಿಯಾದ ಅಕ್ಷರಗಳಲ್ಲಿ ಬರೆಯಿರಿ.

ಉತ್ತರ ಬಂದರೆ ಅದು ಒಂದೇ ಸಾಲಿನದಾಗಿರಬಹುದು. ‘ಯೋಜನೆಯ ಮೂಲಕ ಅರ್ಜಿ ಹಾಕಿ’ ಎಂದರೆ ಅದು ತಳ್ಳಿಹಾಕಿದ ಮಾತೆಂದು ತಿಳಿಯಬೇಡಿ. ಸಂಸ್ಥೆಯ ನಿಯಮ ಹಾಗಿರಬಹುದು. ‘ಏಪ್ರಿಲ್‌ನಲ್ಲಿ ಮತ್ತೆ ಬರೆಯಿರಿ’ ಎಂದರೆ ಏಪ್ರಿಲ್ ಮೊದಲ ವಾರ ಇದೇ ಪತ್ರದ ಸರಣಿಯಲ್ಲಿ ಬರೆಯಿರಿ. ‘ಸ್ಥಳವಿಲ್ಲ’ ಎಂದರೆ ಒಂದು ಸಾಲಿನ ಕೃತಜ್ಞತೆ ಸಾಕು.

ಎರಡನೇ ಪತ್ರಕ್ಕೂ ಉತ್ತರ ಬಾರದಿದ್ದರೆ? ಮೂರನೆಯದು ಬೇಡ. ಅದರಿಂದ ಸ್ಥಳ ಹುಟ್ಟುವುದಿಲ್ಲ, ಬೇಸರ ಹುಟ್ಟಬಹುದು. ಆ ಸಂಶೋಧನಾಲಯದ ಪಿಎಚ್.ಡಿ. ವಿದ್ಯಾರ್ಥಿಯೊಬ್ಬರಿಗೆ, ಬೇಸಿಗೆಯಲ್ಲಿ ಅಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ರೂಢಿಯಿದೆಯೇ ಎಂದು ಒಮ್ಮೆ ಕೇಳಬಹುದು. ಅಷ್ಟೇ. ನಮ್ಮ ವಿದ್ಯಾರ್ಥಿನಿ ಜನವರಿ 20ರ ಪತ್ರವನ್ನು ಕಳುಹಿಸಿದ ದಿನವೇ ತನ್ನ ದಿನಚರಿಯಲ್ಲಿ ಫೆಬ್ರವರಿ 3ಕ್ಕೆ ಗುರುತು ಹಾಕಿ, ಆ ದಿನ ಬರೆಯಬೇಕಾದ ಮತ್ತೊಬ್ಬ ಪ್ರಾಧ್ಯಾಪಕರ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಬೇಸಿಗೆಗೆ ಆಗಲೂ ಮೂರು ತಿಂಗಳು ಉಳಿದಿರುತ್ತದೆ, ಮತ್ತು ಆ ಮೂವತ್ತು ಕಾಯಿಗಳ ಟಿಪ್ಪಣಿ ಮುಂದಿನ ಪತ್ರಕ್ಕೂ ಬಳಕೆಗೆ ಬರುತ್ತದೆ.