ರಾತ್ರಿ ಹನ್ನೊಂದರ ಡೌನ್‌ಲೋಡ್

‘ಸರ್, ಪ್ರಾಜೆಕ್ಟ್‌ಗೆ ದೊಡ್ಡ ಫೈಲ್ ಬೇಕು, ದಯವಿಟ್ಟು ನೆಟ್ ಓಪನ್ ಮಾಡಿ.’ ಇಂಥ ಪತ್ರಕ್ಕೆ ಕಾಲೇಜಿನ ನೆಟ್‌ವರ್ಕ್ ನಿರ್ವಾಹಕರು ಉತ್ತರಿಸದಿದ್ದರೆ ತಪ್ಪು ಅವರದಲ್ಲ. ಯಾವ ಸರ್ವರ್, ಎಷ್ಟು ಗಾತ್ರ, ಯಾವ ಹೊತ್ತು ಎಂಬುದು ಗೊತ್ತಾಗದೆ ಅವರು ಫೈರ್‌ವಾಲ್‌ನಲ್ಲಿ ಏನನ್ನು ತೆರೆಯಬೇಕು?

ಇಮೇಜ್‌ನೆಟ್‌ನ 2012ರ ತರಬೇತಿ ಚಿತ್ರಗಳನ್ನೇ ತೆಗೆದುಕೊಳ್ಳಿ. ಒಂದೇ ಫೈಲ್, ಸುಮಾರು 138 ಜಿಬಿ. ಹಗಲಲ್ಲಿ ಇಳಿಸಿದರೆ ಹಾಸ್ಟೆಲ್ಲಿನವರೆಲ್ಲ ಶಾಪ ಹಾಕುತ್ತಾರೆ. ಆದ್ದರಿಂದ ಹೀಗೆ ಬರೆಯಬಹುದು:

‘ಸರ್, image-net.org ತಾಣದಿಂದ 138 ಜಿಬಿ ಫೈಲ್ ಬೇಕಿದೆ. ಲ್ಯಾಬಿನ ಒಂದೇ ಕಂಪ್ಯೂಟರಿಗೆ, ಅದರ ಐಪಿ ವಿಳಾಸ ಕೆಳಗಿದೆ, ಒಂದು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ದಿನದ ಮಿತಿ ಸಡಿಲಿಸಿ. ವೇಗವನ್ನು ನಾನೇ 50 ಎಂಬಿಪಿಎಸ್ ಆಸುಪಾಸಿಗೆ ಕಟ್ಟಿಹಾಕುತ್ತೇನೆ. ಗೈಡ್ ಒಪ್ಪಿಗೆ ಲಗತ್ತಿಸಿದೆ.’

ಆ ವೇಗದಲ್ಲಿ ಆರೂವರೆ ಗಂಟೆ ಸಾಕು. ಕಮಾಂಡ್ ಇಷ್ಟೇ, ಕೊನೆಗೆ ಫೈಲಿನ ಕೊಂಡಿ:

```
wget -c --limit-rate=6m "$URL"
```

ನಡುವೆ ಸಂಪರ್ಕ ಕಡಿದರೆ, ಸರ್ವರ್ ಒಪ್ಪಿದಲ್ಲಿ, `-c` ನಿಂತಲ್ಲಿಂದಲೇ ಮುಂದುವರಿಸುತ್ತದೆ. ಬೆಳಿಗ್ಗೆ ಫೈಲ್ ಕೆಲವೇ ಕೆಬಿ ಇದೆಯೇ? ತೆರೆದು ನೋಡಿ, ಒಳಗಿರುವುದು ಚಿತ್ರಗಳಲ್ಲ, ಫೈರ್‌ವಾಲಿನ ‘ಅನುಮತಿ ಇಲ್ಲ’ ಪುಟವಿರಬಹುದು. ಗಾತ್ರ ಸರಿಯಿದ್ದರೂ `md5sum` ಓಡಿಸಿ, ತಾಣದಲ್ಲಿ ಕೊಟ್ಟ ಸಂಖ್ಯೆಯೊಡನೆ ತಾಳೆ ನೋಡಿದ ಮೇಲೆಯೇ ‘ಆಯ್ತು ಸರ್, ಮಿತಿ ಮತ್ತೆ ಹಾಕಬಹುದು’ ಎಂದು ತಿಳಿಸಿ.