ನಾಳೆಗೇ ಬೇಕೆಂದರೆ ಎಷ್ಟು?

ಮದುವೆ ಕಾರ್ಡು ಅಚ್ಚು ಹಾಕಿಸಿದ ಯಾರಿಗಾದರೂ ಈ ಮಾತುಕತೆ ಗೊತ್ತಿರುತ್ತದೆ. ‘ಯಾವಾಗ ಬೇಕು?’ ‘ನಾಳಿದ್ದಕ್ಕೇ ಬೇಕು.’ ‘ಅರ್ಜೆಂಟ್ ಚಾರ್ಜ್ ಆಗುತ್ತೆ ಸಾರ್.’ ‘ಎಷ್ಟು?’ ಇಲ್ಲಿ ಪ್ರೆಸ್ಸಿನ ಮಾಲೀಕರು ಒಂದು ಕ್ಷಣ ಗಿರಾಕಿಯ ಮುಖ ನೋಡಿ, ಆಮೇಲೆ ಒಂದು ಮೊತ್ತ ಹೇಳುತ್ತಾರೆ. ಬಂದವರು ಕಾರಿನಲ್ಲಿ ಬಂದಿದ್ದರೆ ಒಂದು, ಪರಿಚಯದವರ ಹೆಸರು ಹೇಳಿದರೆ ಇನ್ನೊಂದು. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ‘ಮುದ್ರಣ ಕಾಶಿ’ ಎಂದೇ ಹೆಸರಾದ ಗದಗದವರೆಗೆ ಈ ಕಸುಬಿನಲ್ಲಿ ಕಾಗದಕ್ಕೆ ದರಪಟ್ಟಿ ಇದೆ, ಪ್ಲೇಟಿಗೆ ದರ ಇದೆ, ಸಾವಿರ ಇಂಪ್ರೆಶನ್ನಿಗೆ ಇಷ್ಟು ಎಂಬ ದರವೂ ಇದೆ. ತುರ್ತಿಗೆ ಮಾತ್ರ ಬರೆದಿಟ್ಟ ದರ ಕಾಣುವುದು ಅಪರೂಪ. ಆದರೂ ಅದನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ. ಪ್ರೆಸ್ಸಿನೊಳಗೆ ತುರ್ತು ಎಂದರೆ ಏನಾಗುತ್ತದೆ ಎಂದು ತಿಳಿದರೆ ಸಾಕು.

ಐನೂರು ಕಾರ್ಡಿನ ಒಂದು ಕೆಲಸ ಹಿಡಿಯೋಣ. ಮೊದಲು ಡಿಟಿಪಿ, ಆಮೇಲೆ ಪ್ರೂಫ್, ಅದು ಓಕೆ ಆದ ಮೇಲೆ ಪ್ಲೇಟ್, ಆಫ್‌ಸೆಟ್ ಮಷೀನಿನಲ್ಲಿ ಅಚ್ಚು, ಒಣಗುವುದು, ಚಿನ್ನದ ಬಣ್ಣದ ಫಾಯಿಲ್ ಅಥವಾ ಲ್ಯಾಮಿನೇಷನ್, ಡೈ ಹೊಡೆದು ಮಡಿಸುವುದು, ಅಂಟಿಸಿ ಎಣಿಸಿ ಕಟ್ಟುವುದು. ಸಾವಕಾಶವಾಗಿ ಮಾಡಿದರೆ ಐದಾರು ದಿನ. ಇದರಲ್ಲಿ ನಿಜವಾದ ದುಡಿಮೆ ಒಂದೂವರೆ ದಿನದಷ್ಟಿರಬಹುದು. ಉಳಿದದ್ದೆಲ್ಲ ಸರದಿಯಲ್ಲಿ ಕಾಯುವುದು, ಒಣಗಲು ಕಾಯುವುದು, ಪ್ರೂಫ್ ನೋಡಿ ವಾಪಸು ಬರಲೆಂದು ಕಾಯುವುದು. ತುರ್ತು ದರ ಕೊಟ್ಟು ಕೊಳ್ಳಬಹುದಾದದ್ದು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ.

ಒಣಗುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಸಾಮಾನ್ಯ ಆಫ್‌ಸೆಟ್ ಇಂಕು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಒರಟು ಕಾಗದವಾದರೆ ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಮದುವೆ ಕಾರ್ಡಿಗೆ ಎಲ್ಲರೂ ಬಯಸುವ ನುಣುಪಾದ ಆರ್ಟ್ ಕಾರ್ಡು, ಮಿನುಗುವ ಮೆಟಾಲಿಕ್ ಕಾಗದ ಹೀರುವುದು ಕಡಿಮೆ. ಒಂದು ರಾತ್ರಿಯಾದರೂ ಬಿಡಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಇರುವಾಗಲೇ ಒಂದರ ಮೇಲೊಂದು ಒಟ್ಟಿದರೆ ಕೆಳಗಿನ ಹಾಳೆಯ ಇಂಕು ಮೇಲಿನದರ ಬೆನ್ನಿಗೆ ಮೆತ್ತುತ್ತದೆ. ಹಸಿ ಇಂಕಿನ ಮೇಲೆ ಲ್ಯಾಮಿನೇಷನ್ ಎಳೆದರೆ ಕೆಲವು ದಿನಗಳಲ್ಲಿ ಪದರ ಬಿಟ್ಟು ಗುಳ್ಳೆ ಏಳುತ್ತದೆ. ಪರೀಕ್ಷೆ ಸುಲಭ: ಗಾಢ ಬಣ್ಣದ ಜಾಗದ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿ, ಬೆರಳಿಗೆ ಬಣ್ಣ ಬಂದರೆ ಅದು ಇನ್ನೂ ಹಸಿ. ಎರಡು ಪಟ್ಟು ದುಡ್ಡು ಕೊಟ್ಟರೂ ಆ ರಾತ್ರಿ ಚಿಕ್ಕದಾಗುವುದಿಲ್ಲ. ಯುವಿ ಇಂಕಿನ ಮಷೀನು ಇದ್ದವರು ಇದನ್ನು ದಾಟಬಲ್ಲರು, ಆದರೆ ಊರಿನ ಸಣ್ಣ ಪ್ರೆಸ್ಸುಗಳಲ್ಲಿ ಅದು ಇರುವುದು ಕಡಿಮೆ. ಹೀಗಾಗಿ ‘ಸಂಜೆ ಕೊಟ್ಟರೆ ಬೆಳಿಗ್ಗೆ ಲ್ಯಾಮಿನೇಷನ್ ಸಮೇತ ರೆಡಿ’ ಎಂದು ಆಫ್‌ಸೆಟ್‌ನವರು ಹೇಳಿದರೆ, ದರ ಕೇಳುವ ಮೊದಲು ಇಂಕು ಯಾವುದು ಎಂದು ಕೇಳುವುದು ಒಳ್ಳೆಯದು.

ಈಗ ದುಡ್ಡಿನ ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ, ಊರಿಂದೂರಿಗೆ ಬದಲಾಗುತ್ತವೆ. ಕಾರ್ಡಿಗೆ 18 ರೂಪಾಯಿಯಂತೆ ಐನೂರಕ್ಕೆ 9,000 ರೂಪಾಯಿ. ಇದರಲ್ಲಿ ಅರ್ಧ, ಅಂದರೆ 4,500, ಕಾಗದ ಮತ್ತು ಕವರಿನದು. ಉಳಿದರ್ಧ ಕೆಲಸದ್ದು. ಗಿರಾಕಿ ಗುರುವಾರ ಸಂಜೆ ಬಂದಿದ್ದಾರೆ, ಭಾನುವಾರ ಬೆಳಿಗ್ಗೆ ಮನೆಗೆ ತಲುಪಬೇಕು ಎನ್ನುತ್ತಾರೆ.

ಅವರಿಗಾಗಿ ಓಡುತ್ತಿರುವ ಒಂದು ಕೆಲಸವನ್ನು ನಿಲ್ಲಿಸಬೇಕು. ರೋಲರ್ ತೊಳೆಯಬೇಕು, ಪ್ಲೇಟ್ ಬದಲಿಸಬೇಕು, ಬಣ್ಣ ಹೊಂದಿಸಬೇಕು. ಹೊಂದುವವರೆಗೆ ಓಡಿದ ಹಾಳೆಗಳೆಲ್ಲ ವೇಸ್ಟ್. ಇವರ ಕೆಲಸ ಮುಗಿದ ಮೇಲೆ ನಿಲ್ಲಿಸಿದ್ದ ಕೆಲಸಕ್ಕೆ ಇದನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಈ ಎರಡನೇ ಸಲದ ಖರ್ಚು ತುರ್ತಿನಿಂದಲೇ ಬಂದದ್ದು. ಮಷೀನಿನ ಸಮಯ, ಹಾಳಾದ ಕಾಗದ ಸೇರಿ ಅದಕ್ಕೆ 600 ರೂಪಾಯಿ ಇಟ್ಟುಕೊಳ್ಳೋಣ. ಶನಿವಾರ ರಾತ್ರಿ ಇಬ್ಬರು ನಾಲ್ಕು ತಾಸು ಹೆಚ್ಚಿಗೆ ನಿಲ್ಲಬೇಕು. ಹೆಚ್ಚುವರಿ ದುಡಿಮೆಗೆ ಮಾಮೂಲಿ ಕೂಲಿಯ ಎರಡು ಪಟ್ಟು ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದ ನಡೆದು ಬಂದ ಲೆಕ್ಕ. ತಾಸಿಗೆ 80 ರೂಪಾಯಿ ಕೂಲಿಯಾದರೆ ಆ ಎಂಟು ತಾಸಿಗೆ 1,280 ಆಗುತ್ತದೆ. ಆದರೆ ಇದರಲ್ಲಿ 640 ರೂಪಾಯಿ ಮೂಲ ದರದಲ್ಲೇ ಸೇರಿದೆ, ಆ ಕೆಲಸವನ್ನು ಹಗಲು ಮಾಡಿದ್ದರೂ ಅಷ್ಟು ಕೂಲಿ ಕೊಡಲೇಬೇಕಿತ್ತು. ಗಿರಾಕಿಯ ಮೇಲೆ ಹಾಕಬಹುದಾದದ್ದು ಉಳಿದ 640 ಮಾತ್ರ. ಅನೇಕರು ಇಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಪೂರ್ತಿ ಮೊತ್ತ ಹಾಕಿ ಒಂದೇ ಕೂಲಿಯನ್ನು ಎರಡು ಸಲ ವಸೂಲು ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ಅಂಟಿಸಿ ಕಟ್ಟಲು ಇಬ್ಬರಿಗೆ ಎರಡೆರಡು ತಾಸು, ಅದರ ಹೆಚ್ಚಳ 320.

ಒಟ್ಟು 1,560 ರೂಪಾಯಿ. ಕೆಲಸದ ಭಾಗವಾದ 4,500ಕ್ಕೆ ಇದು ಹೆಚ್ಚು ಕಡಿಮೆ ಶೇ 35. ಇನ್ನು ಭಾನುವಾರದ ಆಟೊ ಬಾಡಿಗೆ ಎಷ್ಟಾಯಿತೋ ಅಷ್ಟು. ಪ್ರೆಸ್ಸಿನವರು ‘ಅರ್ಜೆಂಟ್ ಅಂದ್ರೆ ಡಬಲ್’ ಎಂದಿದ್ದರೆ ಗಿರಾಕಿ 9,000 ಹೆಚ್ಚಿಗೆ ತೆರಬೇಕಿತ್ತು. ತುರ್ತು ಎಂದ ಮಾತ್ರಕ್ಕೆ ಕಾಗದದ ಬೆಲೆ ಏರುವುದಿಲ್ಲ, ಹಾಗಾಗಿ ಕಾಗದದ ಮೇಲೆ ಶೇಕಡಾವಾರು ಹಾಕುವುದಕ್ಕೆ ಆಧಾರವೇ ಇಲ್ಲ. ಹಾಗೆಯೇ ಆ 960 ರೂಪಾಯಿ ಹೆಚ್ಚುವರಿ ಕೂಲಿ ಮಷೀನ್‌ಮನ್ ಕೈಗೆ ಹೋಗದೆ ಗಲ್ಲಾಪೆಟ್ಟಿಗೆಯಲ್ಲೇ ಉಳಿದರೆ, ಅದನ್ನು ಗಿರಾಕಿಯಿಂದ ಪಡೆಯುವ ಹಕ್ಕು ಮಾಲೀಕರಿಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಬರೀ ಶೇಕಡಾವಾರು ಇಟ್ಟರೆ ಇನ್ನೊಂದು ತೊಡಕಿದೆ. ನೂರು ವಿಸಿಟಿಂಗ್ ಕಾರ್ಡಿನ ಕೆಲಸದ ಭಾಗ 200 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 35 ಎಂದರೆ 70 ರೂಪಾಯಿ. ಅಷ್ಟಕ್ಕೆ 600 ರೂಪಾಯಿ ಖರ್ಚು ಮಾಡಿ ಮಷೀನು ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ಅದೇ ಐದು ಸಾವಿರ ಕಾರ್ಡಾದರೆ ಶೇಕಡಾವಾರು ಮೊತ್ತ ಬೆಳೆಯುತ್ತಲೇ ಹೋಗುತ್ತದೆ, ಮಷೀನು ನಿಲ್ಲಿಸಿದ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಇದಕ್ಕೆ ಉತ್ತರ ರೈಲ್ವೆಯವರ ತತ್ಕಾಲ್ ದರದಲ್ಲಿದೆ. ಅಲ್ಲಿ ಎರಡನೇ ದರ್ಜೆಗೆ ಮೂಲ ಪ್ರಯಾಣ ದರದ ಶೇ 10, ಉಳಿದ ದರ್ಜೆಗಳಿಗೆ ಶೇ 30. ಆದರೆ ಇಷ್ಟಕ್ಕಿಂತ ಕಡಿಮೆಯಿಲ್ಲ, ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಎರಡು ಗೆರೆಗಳೂ ಇವೆ. ಟಿಕೆಟ್ ಕೊಳ್ಳುವವರು ಯಾರೇ ಆಗಲಿ ದರ ಒಂದೇ, ಮೊದಲೇ ಪ್ರಕಟವಾಗಿರುತ್ತದೆ. ತತ್ಕಾಲಿಗೆಂದು ಮೀಸಲಿಟ್ಟ ಸೀಟುಗಳೂ ಇಷ್ಟೇ ಎಂದು ಗೊತ್ತು, ಮೊದಲೇ ಕಾದಿರಿಸಿದವರನ್ನು ಎಬ್ಬಿಸಿ ಜಾಗ ಕೊಡುವುದಿಲ್ಲ.

ಪ್ರೆಸ್ಸುಗಳು ಕಲಿಯಬೇಕಾದದ್ದು ಈ ಕೊನೆಯ ಮಾತನ್ನೇ. ಮುಹೂರ್ತಗಳು ಒತ್ತಾಗಿ ಬರುವ ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಬಂದವರೆಲ್ಲ ಅವಸರದವರೇ. ಎಲ್ಲರಿಂದಲೂ ತುರ್ತು ದರ ಪಡೆದು ಎಲ್ಲರಿಗೂ ತಡವಾಗಿ ಕೊಡುವುದು ಆ ದಿನಗಳ ಹಳೆಯ ಚಾಳಿ. ದಿನಕ್ಕೆ ಒಂದೇ ತುರ್ತು ಕೆಲಸ, ಅದಕ್ಕೆಂದು ಮಧ್ಯಾಹ್ನದ ಮೇಲೆ ಎರಡು ತಾಸು ಖಾಲಿ ಎಂದು ಗೊತ್ತು ಮಾಡಿಕೊಂಡ ಪ್ರೆಸ್ಸಿಗೆ ಮಾತ್ರ ಆ ದರ ಕೇಳುವ ಮುಖವಿರುತ್ತದೆ. ತಿಂಗಳ ಹಿಂದೆಯೇ ಆರ್ಡರ್ ಕೊಟ್ಟವರ ದಿನಾಂಕ ತಪ್ಪಿಸಿ ಇನ್ನೊಬ್ಬರಿಗೆ ಕೊಟ್ಟರೆ, ತುರ್ತಿನ ನಿಜವಾದ ಬೆಲೆ ತೆತ್ತವರು ಆ ಮೊದಲಿನವರು.

ಇನ್ನು ಪ್ರೂಫಿನ ಕಾಯುವಿಕೆ. ಇದು ಗಿರಾಕಿಯ ಮನೆಯದು. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂದಿದೆಯೇ, ಸೊಸೆಯಂದಿರ ಹೆಸರು ಬಿಟ್ಟಿದೆಯೇ ಎಂದು ನೋಡುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಯೂನಿಕೋಡಿನಲ್ಲಿ ಬಂದ ಬರಹವನ್ನು ಡಿಟಿಪಿಯವರು ನುಡಿ ಅಕ್ಷರಕ್ಕೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದೂ ಉಂಟು, ಆದ್ದರಿಂದ ಪ್ರೂಫ್ ನೋಡದೆ ಬಿಡುವಂತಿಲ್ಲ. ಹಾಗಾಗಿ ಗಡಿಯಾರ ಓಡತೊಡಗಬೇಕಾದದ್ದು ಆರ್ಡರ್ ಕೊಟ್ಟ ಹೊತ್ತಿನಿಂದಲ್ಲ, ಪ್ರೂಫಿಗೆ ‘ಓಕೆ’ ಸಹಿ ಬಿದ್ದ ಹೊತ್ತಿನಿಂದ. ಸಹಿಯಾದ ಮೇಲೆ ಬಂದ ತಿದ್ದುಪಡಿಗೆ ಹೊಸ ಪ್ಲೇಟಿನ ದುಡ್ಡು ಗಿರಾಕಿಯದು. ಸಹಿ ಹೊತ್ತಿಗೆ ಸರಿಯಾಗಿ ಬಂದೂ ಪ್ರೆಸ್ಸಿನವರು ತಡ ಮಾಡಿದರೆ ತುರ್ತು ದರ ಪೂರ್ತಿ ವಾಪಸು, ಕರೆಂಟ್ ಹೋಗಿದ್ದರೂ ಸರಿ. ಅವರು ಮಾರಿದ್ದು ಸಮಯವನ್ನು, ಅದು ಗಿರಾಕಿಗೆ ಸಿಕ್ಕಿಲ್ಲ.

ಭಾನುವಾರ ತಲುಪಿಸುವುದು ಊರೊಳಗಾದರೆ ಸುಲಭ. ಪರವೂರಾದರೆ ಅನೇಕ ಕೊರಿಯರ್ ಕಚೇರಿಗಳಿಗೆ ಅಂದು ರಜೆ. ಬಸ್ಸಿನಲ್ಲಿ ಪಾರ್ಸೆಲ್ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು, ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ಸೇವೆಯನ್ನೇ ಶುರು ಮಾಡಿತು. ಕಟ್ಟನ್ನು ಬಸ್ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳುವವರು ಯಾರು ಎಂದು ಮೊದಲೇ ಗೊತ್ತು ಮಾಡದಿದ್ದರೆ ಭಾನುವಾರದ ದುಡಿಮೆ ಸೋಮವಾರದವರೆಗೆ ಅಲ್ಲೇ ಕೂತಿರುತ್ತದೆ.

ಒಂದು ಬಗೆಯ ಕೆಲಸವನ್ನು ಈ ಲೆಕ್ಕದಿಂದ ಹೊರಗಿಡಬೇಕು. ವೈಕುಂಠ ಸಮಾರಾಧನೆ, ಶಿವಗಣಾರಾಧನೆಯ ಕಾರ್ಡುಗಳು ಹುಟ್ಟುವುದೇ ತುರ್ತಾಗಿ. ಸಾವು ಹೇಳಿ ಬರುವುದಿಲ್ಲ, ಹನ್ನೊಂದನೆಯ ದಿನ ಮುಂದೆ ಹೋಗುವುದಿಲ್ಲ. ಒಂದೇ ಬಣ್ಣ, ತೆಳು ಕಾಗದ, ಲ್ಯಾಮಿನೇಷನ್ ಇಲ್ಲ, ಹೀಗಾಗಿ ಕೆಲಸವೂ ಬೇಗ ಆಗುತ್ತದೆ. ಇದಕ್ಕೆ ತುರ್ತು ದರ ಹಾಕದಿರುವುದೇ ಸರಿ.

ಗಿರಾಕಿಗಳಿಗೂ ಒಂದು ದಾರಿಯಿದೆ. ಐನೂರೂ ಭಾನುವಾರಕ್ಕೇ ಬೇಕೇ ಎಂದು ಕೇಳಿಕೊಳ್ಳಿ. ಊರಿಗೆ ಹೊರಟ ನೆಂಟರ ಕೈಗೆ ಕೊಡಲು, ಮನೆದೇವರ ಮುಂದಿಟ್ಟು ಅರಿಶಿನ ಹಚ್ಚಲು ಐವತ್ತು ಸಾಕಾಗಬಹುದು. ಅಷ್ಟನ್ನು ಡಿಜಿಟಲ್ ಮಷೀನಿನಲ್ಲಿ ತೆಗೆಸಿದರೆ ಪ್ಲೇಟ್ ಬೇಡ, ರಾತ್ರಿಯಿಡೀ ಒಣಗಿಸುವ ಕಾಟವಿಲ್ಲ. ಒಂದೊಂದರ ಬೆಲೆ ಹೆಚ್ಚಾದರೂ ಒಟ್ಟು ಖರ್ಚು ತುರ್ತು ದರಕ್ಕಿಂತ ಕಡಿಮೆ ಬರುವ ಸಾಧ್ಯತೆಯೇ ಹೆಚ್ಚು. ಬಣ್ಣದ ಛಾಯೆ ಆಫ್‌ಸೆಟ್‌ಗಿಂತ ಸ್ವಲ್ಪ ಬೇರೆ ಕಾಣಬಹುದು, ಅಷ್ಟೇ. ಉಳಿದ ನಾನೂರೈವತ್ತು ಮಾಮೂಲಿ ದರದಲ್ಲಿ ಮುಂದಿನ ವಾರ ಬರಲಿ.

ಅಷ್ಟಾಗಿಯೂ ತುರ್ತು ಬೇಕೇ ಬೇಕೆಂದರೆ ಮುಂಗಡ ಕೊಡುವ ಮೊದಲು ಆರ್ಡರ್ ಚೀಟಿಯ ಮೇಲೆ ನಾಲ್ಕು ಸಂಗತಿ ಬರೆಸಿಕೊಳ್ಳಿ: ಪ್ರೂಫ್ ಕೊಡುವ ಹೊತ್ತು, ನೀವು ಸಹಿ ಮಾಡಿ ಮರಳಿಸಬೇಕಾದ ಹೊತ್ತು, ಕೆಲಸದ ಭಾಗದ ಮೇಲಿನ ತುರ್ತು ದರ, ತಡವಾದರೆ ಅದು ವಾಪಸು ಎಂಬ ಮಾತು. ಬಿಲ್ಲಿನಲ್ಲೂ ತುರ್ತು ದರ ಬೇರೆ ಸಾಲಿನಲ್ಲಿ ಬರಲಿ. ಜಿಎಸ್‌ಟಿ ಕಟ್ಟುವ ಪ್ರೆಸ್ಸಾದರೆ ಆ ಮೊತ್ತವೂ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಇಷ್ಟನ್ನು ಬರೆದುಕೊಡಲು ಒಪ್ಪದ ಪ್ರೆಸ್ಸಾದರೆ ಪಕ್ಕದ ಪ್ರೆಸ್ಸಿನಲ್ಲಿ ವಿಚಾರಿಸಿ.