ಗುರುತಿಲ್ಲದ ನಂಬರಿನಿಂದ ಬಂದ ಮೆಸೇಜು ನಂಬಿಕೆ ಗಳಿಸುವುದು ಹೇಗೆ?

ವಿಜಯಪುರದಲ್ಲಿ ಖಡಕ್ ಜೋಳದ ರೊಟ್ಟಿ ಮಾಡುವ ಮಹಿಳೆಯೊಬ್ಬರು ಬೆಂಗಳೂರಿನ ಖಾನಾವಳಿಗಳಿಗೆ ರೊಟ್ಟಿ ಕೊಡಬೇಕು ಎಂದುಕೊಂಡಿದ್ದಾರೆ ಎನ್ನಿ. ಬೆಂಗಳೂರಿನಲ್ಲಿ ಅವರಿಗೆ ಪರಿಚಯದವರಿಲ್ಲ. ಕೈಯಲ್ಲಿರುವುದು ಮೊಬೈಲು, ಜೊತೆಗೆ ಖಾನಾವಳಿಗಳ ಬೋರ್ಡಿನಿಂದಲೋ ಗೂಗಲ್ ಮ್ಯಾಪಿನಿಂದಲೋ ಗುರುತು ಹಾಕಿಕೊಂಡ ಹತ್ತಿಪ್ಪತ್ತು ನಂಬರು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಹೊರಡುವ ವಾಟ್ಸ್ಆ್ಯಪ್ ಮೆಸೇಜು ಹೀಗಿರುತ್ತದೆ:

“ನಮಸ್ಕಾರ ಸರ್/ಮೇಡಂ!!! ಉತ್ತರ ಕರ್ನಾಟಕದ ನಂ. 1 ಕ್ವಾಲಿಟಿ ಖಡಕ್ ರೊಟ್ಟಿ. 100% ಶುದ್ಧ, ಆರೋಗ್ಯಕರ. ಹೋಲ್‌ಸೇಲ್ ದರದಲ್ಲಿ ಲಭ್ಯ. ಇವತ್ತೇ ಆರ್ಡರ್ ಮಾಡಿದವರಿಗೆ 20% ಡಿಸ್ಕೌಂಟ್. ಆಫರ್ ಕೆಲವೇ ದಿನ! ತಪ್ಪದೆ ಕರೆ ಮಾಡಿ.”

ರೊಟ್ಟಿ ನಿಜಕ್ಕೂ ಚೆನ್ನಾಗಿರಬಹುದು. ಆದರೆ ಈ ಮೆಸೇಜಿನಲ್ಲಿ ಓದುವವನು ಪರೀಕ್ಷಿಸಿ ನೋಡಬಹುದಾದ ಒಂದು ಮಾತೂ ಇಲ್ಲ. ‘ನಂ. 1’ ಎಂದು ಲೆಕ್ಕ ಹಾಕಿದವರು ಯಾರು? ಹೋಲ್‌ಸೇಲ್ ದರ ಎಂದರೆ ಎಷ್ಟು? ‘ಸರ್/ಮೇಡಂ’ ಎಂಬ ಓರೆಗೆರೆಯೇ ಇದು ನೂರು ಜನರಿಗೆ ಹೋದ ಮೆಸೇಜು ಎಂದು ಹೇಳಿಬಿಡುತ್ತದೆ. ‘100%’ ಎಂಬ ಮಾತಿಗಂತೂ ಕಾನೂನಿನ ತೊಡಕೂ ಇದೆ. ಆಹಾರದ ಲೇಬಲ್ಲು, ಜಾಹೀರಾತುಗಳಲ್ಲಿ ಈ ಪ್ರಯೋಗ ಜನರನ್ನು ದಾರಿ ತಪ್ಪಿಸುತ್ತದೆ, ಬಳಸಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಲ್ಲಿ ಉದ್ಯಮಗಳಿಗೆ ಸೂಚಿಸಿದೆ.

ಹೊಸ ಮೆಸೇಜು ಬರೆಯುವ ಮೊದಲು ಖಾನಾವಳಿ ಮಾಲೀಕನ ಚಿಂತೆ ಏನೆಂದು ತಿಳಿಯಬೇಕು. ರೊಟ್ಟಿ ರುಚಿಯಾಗಿದೆಯೇ ಎಂಬುದು ಅವನ ಮೊದಲ ಪ್ರಶ್ನೆಯಲ್ಲ. ಐನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಸ್ಸಿನಲ್ಲಿ ಬರುವ ಖಡಕ್ ರೊಟ್ಟಿ ಒಡೆದು ಚೂರಾಗುತ್ತದೆ. ಅದರ ನಷ್ಟ ಯಾರ ತಲೆಗೆ? ಮಳೆಗಾಲದಲ್ಲಿ ತೇವ ತಾಗಿ ಮೆತ್ತಗಾದರೆ? ಎರಡು ವಾರ ಕೊಟ್ಟು ಮೂರನೇ ವಾರ ಕೈಯೆತ್ತಿದರೆ ಗಿರಾಕಿಗೆ ಏನು ಹೇಳುವುದು? ಈ ಅಂಜಿಕೆಗಳಿಗೆ ಉತ್ತರ ಕೊಡುವ ಮೆಸೇಜು ಹೀಗಿರಬಹುದು:

“ನಮಸ್ಕಾರ ರೀ. ನಿಮ್ಮ ಖಾನಾವಳಿ ಬೋರ್ಡಿನಾಗ ‘ಖಡಕ್ ರೊಟ್ಟಿ ಊಟ’ ಅಂತ ಇದ್ದದ್ದು ನೋಡಿ ಮೆಸೇಜ್ ಮಾಡಾಕತ್ತೀನಿ. ನಾವು ವಿಜಯಪುರದಾಗ ನಾಲ್ಕು ಮಂದಿ ಹೆಣ್ಣಮಕ್ಕಳು ಮಾಲ್ದಂಡಿ ಜೋಳದ ಖಡಕ್ ರೊಟ್ಟಿ ಮಾಡ್ತೀವಿ. ವಾರಕ್ಕ 2000 ರೊಟ್ಟಿ ಕೊಡ್ತೀವಿ, ಅದಕ್ಕಿಂತ ಹೆಚ್ಚು ಆಗೂದಿಲ್ಲ. ಒಂದಕ್ಕ 7 ರೂಪಾಯಿ, ಬಸ್ ಪಾರ್ಸೆಲ್ ಖರ್ಚು ಬ್ಯಾರೆ. ದಾರಿಯಾಗ ಒಡದ ರೊಟ್ಟಿಗೆ ರೊಕ್ಕ ತಗೊಳ್ಳೂದಿಲ್ಲ. ಪಾಕೀಟಿನ ಫೋಟೊ ಕೆಳಗ ಐತಿ, ಅದರ ಮ್ಯಾಲ ನೋಂದಣಿ ನಂಬರ್ ಕಾಣತೈತಿ. ನೋಡಾಕ 20 ರೊಟ್ಟಿ ಕಳಸ್ಲೇನ್ರಿ? ಬ್ಯಾಡ ಅಂದ್ರ ಹಂಗ ಹೇಳ್ರಿ, ಮತ್ತ ಮೆಸೇಜ್ ಮಾಡೂದಿಲ್ಲ.”

ಮೊದಲ ಸಾಲಿನಿಂದಲೇ ವ್ಯತ್ಯಾಸ ಶುರುವಾಗುತ್ತದೆ. ಫೋನಿನ ಪರದೆಯಲ್ಲಿ ಮೆಸೇಜು ತೆರೆಯುವ ಮುನ್ನ ಕಾಣುವುದು ಮೊದಲ ಕೆಲವು ಪದಗಳು ಮಾತ್ರ. ಅಲ್ಲಿ ತನ್ನ ಖಾನಾವಳಿಯ ಮಾತು ಕಂಡರೆ ಮಾಲೀಕ ತೆರೆದು ನೋಡುವ ಸಾಧ್ಯತೆ ಹೆಚ್ಚು. ಆದರೆ ಬೋರ್ಡನ್ನು ನಿಜವಾಗಿಯೂ ನೋಡಿರಬೇಕು. ಖಡಕ್ ರೊಟ್ಟಿಯನ್ನೇ ಬಡಿಸದ ಕಡೆಗೆ ಇದೇ ಸಾಲು ಹೋದರೆ ಅಲ್ಲಿಗೆ ಮುಗಿಯಿತು.

‘ಅದಕ್ಕಿಂತ ಹೆಚ್ಚು ಆಗೂದಿಲ್ಲ’ ಎಂಬ ಮಾತು ವ್ಯಾಪಾರಕ್ಕೆ ಅಡ್ಡಿ ಎಂದು ಅನೇಕರಿಗೆ ಅನ್ನಿಸುತ್ತದೆ. ಖಾನಾವಳಿ ನಡೆಸುವವನಿಗೆ ನಾಲ್ಕು ಜನರ ಕೈ ವಾರಕ್ಕೆ ಎಷ್ಟು ರೊಟ್ಟಿ ತಟ್ಟಬಲ್ಲದು ಎಂಬ ಅಂದಾಜು ಇರುತ್ತದೆ. ‘ಎಷ್ಟು ಬೇಕಾದರೂ ಕೊಡುತ್ತೇವೆ’ ಎಂದರೆ ಅವನು ನಂಬುವುದಿಲ್ಲ. ಲೆಕ್ಕಕ್ಕೆ ಕೂಡುವ ಸಂಖ್ಯೆ ಹೇಳಿದರೆ ಉಳಿದ ಮಾತಿಗೂ ಬೆಲೆ ಬರುತ್ತದೆ. ದರ ಹೇಳುವುದೂ ಹಾಗೆಯೇ. ‘ದರಕ್ಕೆ ಕರೆ ಮಾಡಿ’ ಎಂದರೆ, ಕರೆ ಮಾಡಿದ ಮೇಲೆ ಬಿಡದೆ ಮಾತನಾಡಿಸುತ್ತಾರೆ ಎಂದು ವ್ಯಾಪಾರಿ ಹಿಂಜರಿಯುತ್ತಾನೆ. 7 ರೂಪಾಯಿ ಹೊಂದದವನು ಅಲ್ಲೇ ಬಿಡುತ್ತಾನೆ, ಇಬ್ಬರ ಸಮಯವೂ ಉಳಿಯುತ್ತದೆ.

ನೋಂದಣಿ ನಂಬರಿನ ಫೋಟೊ ಈ ಮೆಸೇಜಿನ ಬೆನ್ನೆಲುಬು. ಎಫ್‌ಎಸ್‌ಎಸ್‌ಎಐ ಕೊಡುವ ನಂಬರಿನಲ್ಲಿ 14 ಅಂಕಿಗಳಿರುತ್ತವೆ. 1ರಿಂದ ಶುರುವಾದರೆ ಪರವಾನಗಿ, 2ರಿಂದ ಶುರುವಾದರೆ ಸಣ್ಣ ಉದ್ಯಮದ ನೋಂದಣಿ. ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಅದನ್ನು ಹಾಕಿ ಹುಡುಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಮಾಲೀಕ ನೋಡದೆಯೂ ಇರಬಹುದು. ನೋಡಬಹುದು ಎಂಬುದೇ ಅವನಿಗೆ ಧೈರ್ಯ. ಆದ್ದರಿಂದ ಕಳಿಸುವ ಮುನ್ನ ಅದು ಚಾಲ್ತಿಯಲ್ಲಿದೆಯೇ ಎಂದು ಕಳಿಸುವವರೇ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಕೊನೆಯ ಕೋರಿಕೆ ಆರ್ಡರಿನದಲ್ಲ, 20 ರೊಟ್ಟಿ ನೋಡುವುದು ಮಾತ್ರ. ‘ಹೂಂ’ ಅಥವಾ ‘ಬ್ಯಾಡ’ ಎಂಬ ಒಂದೇ ಪದದಲ್ಲಿ ಉತ್ತರಿಸಬಹುದು.

ವಿಜಯಪುರದ ಮಾತಿನ ಧಾಟಿ ಹೊಂದುವುದು ಓದುವವರೂ ಆ ಕಡೆಯವರಾಗಿದ್ದರೆ. ಇದೇ ರೊಟ್ಟಿಯನ್ನು ಮಲ್ಲೇಶ್ವರದ ದಿನಸಿ ಅಂಗಡಿಗೆ ಕೊಡಬೇಕಾದರೆ ಮಾತೂ ಬೇರೆ, ವಿಷಯವೂ ಬೇರೆ. ಅಂಗಡಿಯವರು ಕೇಳುವುದು ಪಾಕೀಟಿನ ಮೇಲೆ ತಯಾರಿಕೆಯ ದಿನಾಂಕ, ತೂಕ, ಎಂಆರ್‌ಪಿ ಇದೆಯೇ, ಎಷ್ಟು ದಿನ ಕೆಡದೆ ಇರುತ್ತದೆ, ತಮಗೆ ಉಳಿಯುವುದೆಷ್ಟು, ಮಾರಾಟವಾಗದ್ದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು. ಅಲ್ಲಿ ಜೋಳದ ತಳಿಗಿಂತ ಈ ನಾಲ್ಕು ಉತ್ತರಗಳೇ ಮೊದಲು ಬರಬೇಕು.

ಕಳಿಸುವ ರೀತಿಯೂ ಮುಖ್ಯ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋದ ಮೆಸೇಜು, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅಪರಿಚಿತರಿಗೆ ತಲುಪುವುದೇ ಇಲ್ಲ. ಹೊಸ ನಂಬರಿನ ಮೆಸೇಜಿನ ಜೊತೆಗೇ ‘ಬ್ಲಾಕ್’, ‘ರಿಪೋರ್ಟ್’ ಎಂಬ ಆಯ್ಕೆಗಳೂ ಕಾಣುತ್ತವೆ. ಹಲವರು ದೂರಿದರೆ ಖಾತೆಯೇ ಬಂದ್ ಆಗಬಹುದು. ಹಾಗಾಗಿ ದಿನಕ್ಕೆ ನಾಲ್ಕೈದು ಜನರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟೈಪ್ ಮಾಡುವುದೇ ಸರಿ. ಖಾನಾವಳಿಗಾದರೆ ಮಧ್ಯಾಹ್ನದ ಊಟದ ಗದ್ದಲ ಮುಗಿದು, ಮಾಲೀಕ ಗಲ್ಲಾದಲ್ಲಿ ಸುಮ್ಮನೆ ಕೂತಿರುವ ನಾಲ್ಕರ ಹೊತ್ತು ಒಳ್ಳೆಯದು.

ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಬರೆಯಬಹುದು. ‘ನನ್ನ ಮೆಸೇಜ್ ನೋಡಿದ್ರಾ?’ ಎನ್ನುವುದು ಲೆಕ್ಕ ಕೇಳಿದಂತೆ ಆಗುತ್ತದೆ. ಅದರ ಬದಲು ಹೊಸ ಸಂಗತಿ ಇರಲಿ: “ಶನಿವಾರ ನಿಮ್ಮ ಏರಿಯಾಕ್ಕ ಒಂದು ಪಾರ್ಸೆಲ್ ಹೊಂಟೈತ್ರಿ. ಅದರಾಗ ನಿಮಗೂ 20 ರೊಟ್ಟಿ ಹಾಕ್ಲೇನ್ರಿ?” ಪಾರ್ಸೆಲ್ ನಿಜವಾಗಿ ಹೊರಟಿದ್ದರೆ ಮಾತ್ರ ಹೀಗೆ ಬರೆಯಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ ಆ ನಂಬರನ್ನು ಬಿಟ್ಟುಬಿಡಬೇಕು.

ಎಲ್ಲಿ ಎಡವುತ್ತಿದ್ದೇವೆ ಎಂಬುದನ್ನು ಉತ್ತರಗಳೇ ತೋರಿಸುತ್ತವೆ. ಯಾರೂ ಉತ್ತರಿಸದಿದ್ದರೆ ಮೊದಲ ಸಾಲು ಅಥವಾ ನಂಬರುಗಳ ಆಯ್ಕೆ ಸರಿಯಿಲ್ಲ. ದರದ ಬಳಿ ಮಾತು ನಿಂತರೆ, ಪಾರ್ಸೆಲ್ ಖರ್ಚು ಸೇರಿಸಿ ಒಂದು ರೊಟ್ಟಿ ಬೆಂಗಳೂರಿನಲ್ಲಿ ಎಷ್ಟಕ್ಕೆ ಬೀಳುತ್ತದೆ ಎಂದು ಮತ್ತೆ ಲೆಕ್ಕ ಹಾಕಬೇಕು. ಮಾದರಿ ತರಿಸಿಕೊಂಡ ಮೇಲೂ ಆರ್ಡರ್ ಬರದಿದ್ದರೆ ಮೆಸೇಜನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಆಗ ಮರುದಿನ ಫೋನ್ ಮಾಡಿ ‘ರೊಟ್ಟಿ ಹೇಗಿತ್ತು?’ ಎನ್ನುವ ಬದಲು ‘ಇಪ್ಪತ್ತರಾಗ ಎಷ್ಟು ಒಡದಿದ್ವು ರೀ?’ ಎಂದು ಕೇಳಬೇಕು. ಐದಾರು ಎಂಬ ಉತ್ತರ ಬಂದರೆ ತಿದ್ದಬೇಕಾದದ್ದು ರೊಟ್ಟಿ ಕಟ್ಟುವ ಡಬ್ಬಿಯನ್ನು.